ಅಪ್ಪ, ಅವ್ವ ಮತ್ತು ‘ರೀ’

ನಮ್ಮೂರು ಐರಣಿ. ರಾಣೇಬೆನ್ನೂರು ತಾಲ್ಲೂಕಿನ ಅಂಚಿನಲ್ಲಿ, ತುಂಗಭದ್ರೆಯ ದಂಡೆಯ ಮೇಲಿದೆ. ಹಾಳುಬಿದ್ದ ಕೋಟೆಗಿಂತ ಹೊಳೆಮಠದ ಹೆಸರಿನಿಂದ ಊರನ್ನು ಗುರುತಿಸುವವರೇ ಹೆಚ್ಚು. ನಾನು ಸಣ್ಣವನಿದ್ದಾಗ ಮಂಗಳವಾರ ಇಲ್ಲವೇ ಶುಕ್ರವಾರ ನಮ್ಮ ಮನೆಯ ಕಟ್ಟೆಗೆ ಒಬ್ಬರು ಬರುತ್ತಿದ್ದರು. ತಲೆಯ ಮೇಲೆ ಬುಟ್ಟಿ, ಬುಟ್ಟಿಯಲ್ಲಿ ಎಲ್ಲಮ್ಮನ ಮುಖ, ಕೊರಳಲ್ಲಿ ಕೆಂಪು ಬಿಳಿ ಮುತ್ತು, ಹಣೆ ತುಂಬ ಭಂಡಾರ, ಮೈಮೇಲೆ ಇಳಕಲ್ ಸೀರೆ. ‘ಉಧೋ ಉಧೋ’ ಎಂದು ಕೂಗುವ ದನಿ ಮಾತ್ರ ನಮ್ಮ ಕಾಕಾನ ದನಿಗಿಂತ ದಪ್ಪ. ಮನೆಯ ಮಕ್ಕಳಿಗೆಲ್ಲ ಒಂದೇ ಪ್ರಶ್ನೆ: ಇವರನ್ನು ಏನೆಂದು ಕರೆಯಬೇಕು?

ಅಮ್ಮ (ನಾವು ಅಜ್ಜಿಗೆ ಅಮ್ಮ ಎನ್ನುತ್ತಿದ್ದೆವು) ಒಳಗಿನಿಂದಲೇ ಕೂಗುತ್ತಿದ್ದಳು: “ಬಾ ಯವ್ವಾ, ಕುಂದ್ರು. ಊಟ ಆತ?” ಆಮೇಲೆ ಮರದಲ್ಲಿ ಜೋಳ ತಂದು ಪಡ್ಲಿಗಿ ತುಂಬಿಸುತ್ತಿದ್ದಳು. ಅವರು ಹೋದ ಮೇಲೆ ನೆರೆಮನೆಯವರು “ಜೋಗಪ್ಪ ಬಂದಿದ್ನೇನು?” ಎಂದು ಕೇಳಿದರೆ ಅಮ್ಮ “ಹೂಂ, ಬಂದಿದ್ಲು” ಎನ್ನುತ್ತಿದ್ದಳು. ಕೇಳಿದ್ದು ‘ಬಂದಿದ್ನೇನು’, ಹೇಳಿದ್ದು ‘ಬಂದಿದ್ಲು’. ಇಬ್ಬರೂ ಮಾತಾಡುತ್ತಿದ್ದದ್ದು ಒಬ್ಬರ ಬಗ್ಗೆಯೇ. ಈ ಲೆಕ್ಕ ನನಗೆ ಅಂದು ತಿಳಿಯಲಿಲ್ಲ. ಬಹಳ ವರ್ಷಗಳ ಮೇಲೆ, ಹಳೆಯ ಪತ್ರಗಳನ್ನೂ ವ್ಯಾಕರಣದ ಪುಸ್ತಕಗಳನ್ನೂ ಒಟ್ಟಿಗೆ ಇಟ್ಟುಕೊಂಡು ಕೂತಾಗ ಅಮ್ಮ ಮಾಡುತ್ತಿದ್ದದ್ದು ಏನೆಂದು ಸ್ವಲ್ಪ ಹೊಳೆಯಿತು.

ಎದುರಿಗೆ ನಿಂತವರೊಡನೆ ಮಾತಾಡುವಾಗ ಕನ್ನಡ ಬಹಳ ಉದಾರಿ. ‘ನೀನು’ ಎಂಬುದಕ್ಕೆ ಗಂಡಿಲ್ಲ, ಹೆಣ್ಣಿಲ್ಲ. ‘ನೀನು ಬಂದೆ’ ಎಂದರೆ ಯಾರಿಗಾದರೂ ಆಗುತ್ತದೆ, ‘ನೀವು ಬಂದಿರಿ’ ಎಂದರೂ ಆಗುತ್ತದೆ. ಶಾಲೆಯ ವ್ಯಾಕರಣದಲ್ಲಿ ‘ನಾನು, ನೀನು, ತಾನು’ಗಳನ್ನು ವಿಶೇಷ್ಯಾಧೀನ ಲಿಂಗ ಎಂದು ಬಾಯಿಪಾಠ ಮಾಡಿಸುತ್ತಿದ್ದರು. ಯಾರನ್ನು ಕುರಿತು ಹೇಳುತ್ತೇವೋ ಅವರ ಲಿಂಗವೇ ಆ ಪದದ ಲಿಂಗ, ಅದಕ್ಕೆ ಸ್ವಂತದ್ದು ಇಲ್ಲ ಎಂದು ಅರ್ಥ. ಹದಿಮೂರನೆಯ ಶತಮಾನದ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ಕನ್ನಡದ ಲಿಂಗಗಳನ್ನು ಎಣಿಸುತ್ತ ಗಂಡು, ಹೆಣ್ಣು, ನಪುಂಸಕ ಎಂಬ ಮೂರಕ್ಕೆ ನಿಲ್ಲದೆ, ಎರಡಕ್ಕೂ ಸಲ್ಲುವವು, ಮೂರಕ್ಕೂ ಸಲ್ಲುವವು ಎಂದೆಲ್ಲ ಸೇರಿಸಿ ಒಂಬತ್ತರ ತನಕ ಹೋಗುತ್ತಾನೆ. (ನಮ್ಮ ಬೀದಿಗಳಲ್ಲಿ ‘ಒಂಬತ್ತು’ ಎಂಬ ಸಂಖ್ಯೆ ಬೈಗುಳವಾಗಿ ಬಳಕೆಯಲ್ಲಿರುವುದು ಬೇರೆ ಕತೆ. ಕೇಶಿರಾಜನಿಗೂ ಅದಕ್ಕೂ ಸಂಬಂಧವಿಲ್ಲ. ಆದರೂ ಆ ಪುಟ ಓದುವಾಗ ನನಗೆ ಒಂದು ಕ್ಷಣ ಮುಜುಗರವಾದದ್ದು ನಿಜ.)

ನೆರೆಯ ಭಾಷೆಗಳ ಜೊತೆ ಇಟ್ಟು ನೋಡಿದರೆ ಈ ಔದಾರ್ಯ ಚೆನ್ನಾಗಿ ಕಾಣುತ್ತದೆ. ಮರಾಠಿಯವರು ಸಲಿಗೆಯಿಂದ ‘ನೀನು ಬಂದೆ’ ಎನ್ನುವಾಗ ಗಂಡಿಗೆ ‘ತೂ ಆಲಾಸ್’ ಎನ್ನಬೇಕು, ಹೆಣ್ಣಿಗೆ ‘ತೂ ಆಲೀಸ್’. ಹಿಂದಿಯಲ್ಲಿ ಗೌರವದ ‘ಆಪ್’ ಬಳಸಿದರೂ ಬಚಾವಾಗಲು ಆಗುವುದಿಲ್ಲ. ‘ಹೇಗಿದ್ದೀರಿ’ ಎಂದು ಕೇಳಬೇಕಾದರೆ ‘ಕೈಸೇ’ಯೋ ‘ಕೈಸೀ’ಯೋ ಎಂದು ಮೊದಲೇ ತೀರ್ಮಾನಿಸಿಕೊಳ್ಳಬೇಕು. ಅಲ್ಲಿ ಕ್ಷೇಮ ವಿಚಾರಿಸುವ ಮೊದಲು ಎದುರಿನವರ ಮೈಯನ್ನು ಒಮ್ಮೆ ಓದಿಕೊಳ್ಳಲೇಬೇಕು. ಕನ್ನಡದವನಿಗೆ ಆ ತಾಪತ್ರಯವಿಲ್ಲ. “ಅರಾಮದೀರೇನ್ರಿ?”, “ಎಲ್ಲಿಗೆ ಹೊಂಟೀರಿ?” ಎಂದರೆ ಮುಗಿಯಿತು. ಅದಕ್ಕಿಂತ ಸೊಗಸು ಅಮ್ಮನ “ಊಟ ಆತ?” ಎಂಬುದು. ಅಲ್ಲಿ ಆದದ್ದು ಊಟ. ಕ್ರಿಯಾಪದ ಊಟಕ್ಕೆ ಹೊಂದಿಕೊಂಡಿದೆ, ಉಂಡವರ ಸುದ್ದಿಗೇ ಹೋಗಿಲ್ಲ.

ಹಾಗಾದರೆ ತೊಡಕು ಎಲ್ಲಿ? ಕರೆಯುವುದರಲ್ಲಿ. ಬೆನ್ನು ತಿರುಗಿಸಿ ಹೋಗುತ್ತಿರುವವರನ್ನು ಕೂಗಿ ನಿಲ್ಲಿಸಬೇಕಾದಾಗ, ಅಥವಾ ಒಂದು ಬರಿಯ ಮಾತಿಗೆ ಪ್ರೀತಿ ಹಚ್ಚಬೇಕಾದಾಗ. ‘ಬಾ’ ಎಂಬ ಒಂದಕ್ಷರ ತೆಗೆದುಕೊಳ್ಳಿ. ಬರೀ ‘ಬಾ’ ಯಾರಿಗಾದರೂ ಸರಿ, ಆದರೆ ಅದು ಒರಟು, ಬೆತ್ತಲೆ. ಅದಕ್ಕೆ ಏನಾದರೂ ಉಡಿಸಲು ಹೋದ ಕೂಡಲೇ ಲಿಂಗ ಬಂದು ಕೂರುತ್ತದೆ. ‘ಬಾರೋ’ ಗಂಡು, ‘ಬಾರೇ’ ಹೆಣ್ಣು. ‘ಬಾರಪ್ಪ’ ಗಂಡು, ‘ಬಾರವ್ವ’ ಹೆಣ್ಣು. ಹಳಗನ್ನಡದಲ್ಲೂ ಹೀಗೆಯೇ, ಅವನಿಗೆ ‘ಎಲವೋ’, ಅವಳಿಗೆ ‘ಎಲಗೆ’. ಅಣ್ಣಾ, ಅಕ್ಕಾ, ಕಾಕಾ, ಚಿಗವ್ವಾ, ತಮ್ಮಾ, ತಂಗೀ ಎಂದು ಅಪರಿಚಿತರನ್ನೂ ನೆಂಟರನ್ನಾಗಿ ಮಾಡಿಕೊಳ್ಳುವುದು ನಮ್ಮ ಭಾಗದ ಒಳ್ಳೆಯ ರೂಢಿ. ಆದರೆ ಆ ನೆಂಟಸ್ತಿಕೆಯ ಪಟ್ಟಿಯಲ್ಲಿ ಗಂಡೋ ಹೆಣ್ಣೋ ಆಗದೆ ಒಳಗೆ ಬರಲು ಬಾಗಿಲಿಲ್ಲ.

ಒಂದೇ ಒಂದು ದಾರಿ ಉಳಿಯುತ್ತದೆ, ‘ಬರ್ರಿ’. ಈ ‘ರಿ’ ಬಂದದ್ದು ಬಹುವಚನದಿಂದ. ‘ಬನ್ನಿರಿ’ ಎಂಬುದರ ಬಾಲ ಅದು. ಕನ್ನಡದ ಬಹುವಚನಕ್ಕೆ ಒಂದು ವಿಶೇಷ ಗುಣವಿದೆ. ‘ಅವನು, ಅವಳು’ ಎಂದು ಏಕವಚನದಲ್ಲಿ ಬೇರೆಯಾದವರು ‘ಅವರು’ ಎಂಬಲ್ಲಿ ಒಂದಾಗುತ್ತಾರೆ. ‘ಬಂದನು, ಬಂದಳು’ ಎಂಬ ಎರಡೂ ‘ಬಂದರು’ ಆಗುತ್ತವೆ. ಹಳೆಯ ಶಾಸನಗಳಲ್ಲಿ ಅರಸನಿಗೂ ಅರಸಿಗೂ ಇದೇ ‘ಅರ್’ ಹತ್ತುತ್ತದೆ. ‘ದೇವರು’ ಎಂಬ ಪದವೇ ಹೀಗೆ ಗೌರವದ ಬಹುವಚನದಿಂದ ಹುಟ್ಟಿದ್ದು. ಅದಕ್ಕೇ ದೇವರು ಗಂಡೋ ಹೆಣ್ಣೋ ಎಂಬ ಚಿಂತೆ ಆ ಪದಕ್ಕಿಲ್ಲ. ನಮ್ಮ ಕಡೆ ಈ ‘ರಿ’ ಕ್ರಿಯಾಪದದ ಬಾಲದಿಂದ ಕಳಚಿಕೊಂಡು ಸ್ವತಂತ್ರವಾಗಿಬಿಟ್ಟಿದೆ. ಹೌದ್ರಿ, ಇಲ್ರಿ, ಏನ್ರಿ, ಯಾಕ್ರಿ. ಕೊನೆಗೆ ಬರೀ ‘ರೀ’. ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಚೀಲಗಳ ಸಾಲಿನ ಆಚೆಯಿಂದ ಯಾರಾದರೂ “ರೀ...” ಎಂದು ಕೂಗಿದರೆ ಗಂಡಸರೂ ಹೆಂಗಸರೂ ಒಟ್ಟಿಗೆ ತಿರುಗಿ ನೋಡುತ್ತಾರೆ.

ಇದೇ ಉಪಾಯ ಅದೇ ಮಾರುಕಟ್ಟೆಯಲ್ಲಿ ಇನ್ನೊಂದು ಭಾಷೆಯಲ್ಲೂ ದಿನಾಲು ಕೇಳಿಸುತ್ತದೆ. ಅರಬಿಯಲ್ಲಿ ‘ನಿನ್ನ ಮೇಲೆ’ ಎನ್ನಬೇಕಾದರೆ ಗಂಡಿಗೆ ‘ಅಲೈಕ’, ಹೆಣ್ಣಿಗೆ ‘ಅಲೈಕಿ’. ಆದರೆ ಸಲಾಮು ಹೇಳುವಾಗ ಎದುರಿಗಿರುವುದು ಒಬ್ಬರೇ ಆದರೂ, ಗಂಡೇ ಆಗಲಿ ಹೆಣ್ಣೇ ಆಗಲಿ, ಬಹುವಚನದ ‘ಅಲೈಕುಮ್’ ಎನ್ನುವುದು ರೂಢಿ. ಆ ಬಹುವಚನ ವ್ಯಾಕರಣದ ಪ್ರಕಾರ ಪುಲ್ಲಿಂಗವೇ. ಬಳಕೆಯಲ್ಲಿ ಅದು ಎಲ್ಲರನ್ನೂ ಒಳಗೆ ಹಾಕಿಕೊಂಡಿದೆ. ಒಬ್ಬರಿಗೆ ಹೇಳಬೇಕಾದ್ದನ್ನು ಹಲವರಿಗೆ ಹೇಳಿದಂತೆ ಹೇಳಿಬಿಟ್ಟರೆ ಆ ಒಬ್ಬರು ಯಾರೆಂದು ಬಿಡಿಸಿ ನೋಡುವ ಅಗತ್ಯ ಬೀಳುವುದಿಲ್ಲ.

ಇನ್ನೊಂದು ಬಗೆಯ ಜಾಣತನ ‘ಶರಣು’ ಎಂಬುದರಲ್ಲಿದೆ. ನಮ್ಮ ಹಾವೇರಿ ಸೀಮೆಯಲ್ಲಿ ಇಂದಿಗೂ ‘ಶರಣ್ರಿ’, ‘ಶರಣು ಶರಣಾರ್ಥಿ’ ಎನ್ನುವವರು ಇದ್ದಾರೆ. ಈ ಮಾತು ಎದುರಿನವರು ಯಾರೆಂದು ಹೇಳುವುದಿಲ್ಲ, ಹೇಳುವವನು ಏನು ಮಾಡುತ್ತಿದ್ದಾನೆ ಎಂದಷ್ಟೇ ಹೇಳುತ್ತದೆ. ನಾನು ಬಾಗಿದೆ, ಅಷ್ಟೆ. ‘ನಮಸ್ಕಾರ’ವೂ ಹಾಗೆಯೇ. ಹನ್ನೆರಡನೆಯ ಶತಮಾನದ ಶರಣರಿಗೆ ಕರೆಯುವ ಪದಗಳ ಬಗ್ಗೆ ಎಷ್ಟು ಎಚ್ಚರವಿತ್ತೆಂದರೆ, ‘ಅಯ್ಯಾ’ ಎನ್ನುವುದಕ್ಕೂ ‘ಎಲವೋ’ ಎನ್ನುವುದಕ್ಕೂ ಇರುವ ಅಂತರವನ್ನೇ ಬಸವಣ್ಣ ಒಂದು ವಚನದ ವಸ್ತು ಮಾಡಿದ್ದಾನೆ. ನಮ್ಮ ತಾಲ್ಲೂಕಿನ ಚೌಡಯ್ಯದಾನಪುರದಲ್ಲಿ, ಇದೇ ತುಂಗಭದ್ರೆಯ ದಂಡೆಯಲ್ಲಿ, ಅಂಬಿಗರ ಚೌಡಯ್ಯನ ನೆನಪಿದೆ. ಆಚೆ ದಂಡೆಯಲ್ಲಿ ಕಂಬಳಿ ಹೊದ್ದು ನಿಂತವರು ಯಾರೆಂದು ಕಾಣದ ಸಂಜೆಯಲ್ಲಿ ದೋಣಿಯವನು ಅವರನ್ನು ಏನೆಂದು ಕೂಗುತ್ತಿದ್ದನೋ ಎಂದು ನಾನು ಆ ಗುಡಿಯ ಮುಂದೆ ಕೂತು ಯೋಚಿಸಿದ್ದುಂಟು. ಬಹುಶಃ ಬರೀ ‘ಹೋ’ ಎಂದಿರಬೇಕು.

ಬಾಯಿಮಾತಿನಲ್ಲಿ ‘ಹೋ’ ಎಂದು ತಪ್ಪಿಸಿಕೊಳ್ಳಬಹುದು. ಬರವಣಿಗೆಯಲ್ಲಿ ಆಗುವುದಿಲ್ಲ. ನಮ್ಮ ಅಜ್ಜ ಊರಿನವರಿಗೆ ಪತ್ರ, ಅರ್ಜಿ ಬರೆದುಕೊಡುತ್ತಿದ್ದ. ಅವನ ಟ್ರಂಕಿನಲ್ಲಿ ಉಳಿದಿದ್ದ ಕಾಗದಗಳಲ್ಲಿ ಮೊದಲ ಸಾಲು ನೋಡಿದರೆ ಸಾಕು, ಬರೆದದ್ದು ಯಾರಿಗೆ ಎಂದು ಗೊತ್ತಾಗುತ್ತಿತ್ತು. ಧಾರವಾಡ ಜಿಲ್ಲೆ ಮುಂಬಯಿ ಪ್ರಾಂತದಲ್ಲಿದ್ದ ಕಾಲದ ರೂಢಿ ಅದು, ಮರಾಠಿಯ ಗಾಳಿ ಬಲವಾಗಿ ಬೀಸಿತ್ತು. ಗಂಡಸಿಗೆ ‘ರಾ. ರಾ.’, ಅಂದರೆ ರಾಜಮಾನ್ಯ ರಾಜಶ್ರೀ. ತಂದೆಗೆ ‘ತೀರ್ಥರೂಪ’, ತಾಯಿಗೆ ‘ಮಾತೋಶ್ರೀ’. ಕಿರಿಯ ಹುಡುಗನಿಗೆ ‘ಚಿ.’. ಹೆಂಗಸರ ವಿಷಯಕ್ಕೆ ಬಂದರೆ ಹೆಣ್ಣು ಎಂದು ತಿಳಿದರೆ ಸಾಲದು. ಮದುವೆಯಾಗಿಲ್ಲದಿದ್ದರೆ ‘ಕು.’, ಗಂಡನಿದ್ದರೆ ‘ಸೌ.’, ಗಂಡ ಸತ್ತಿದ್ದರೆ ‘ಗಂ. ಭಾ.’, ಅಂದರೆ ಗಂಗಾ ಭಾಗೀರಥಿ. ಲಕೋಟೆ ಮುಟ್ಟಿದ ಅಂಚೆಯವನಿಗೂ ಅವಳ ಮನೆಯ ಸ್ಥಿತಿ ತಿಳಿಯಬೇಕು. ಗಂಡಸಿಗೆ ಹೆಂಡತಿ ಇದ್ದಾಳೋ ಸತ್ತಿದ್ದಾಳೋ ಎಂದು ಹೇಳುವ ಅಕ್ಷರ ಯಾವುದೂ ಇರಲಿಲ್ಲ. ಸತ್ತ ಮೇಲೆ ಮಾತ್ರ ಲಿಂಗಾಯತರ ಮನೆಯ ಗಂಡಿಗೂ ಹೆಣ್ಣಿಗೂ ಒಂದೇ ಗುರುತು, ‘ಲಿಂ.’, ಲಿಂಗೈಕ್ಯ. ಮದುವೆ ಕಾರ್ಡುಗಳಲ್ಲಿ ಈಗಲೂ ಅದು ಅಚ್ಚಾಗುತ್ತದೆ.

ಅಜ್ಜನಿಗೆ ತೊಡಕಾಗುತ್ತಿದ್ದದ್ದು ಹೊಸ ಕಾಲದ ನೌಕರರ ಹೆಸರು. ಹಳ್ಳಿಯ ಹೆಸರಿನಲ್ಲಿ ಅನುಮಾನಕ್ಕೆ ಜಾಗವಿಲ್ಲ. ಬಸಪ್ಪ–ಬಸವ್ವ, ಹನುಮಪ್ಪ–ಹನುಮವ್ವ, ಯಲ್ಲಪ್ಪ–ಯಲ್ಲವ್ವ. ಒಂದೇ ದೇವರು, ಬಾಲ ಮಾತ್ರ ಬೇರೆ. ಆದರೆ ಕಚೇರಿಯ ಹೊರಗೆ ಬೋರ್ಡಿನ ಮೇಲೆ ಎರಡು ಇಂಗ್ಲಿಷ್ ಅಕ್ಷರ, ಮುಂದೆ ಪಾಟೀಲ ಎಂದೋ ಕುಲಕರ್ಣಿ ಎಂದೋ ಹಿರೇಮಠ ಎಂದೋ ಅಡ್ಡಹೆಸರು ಇದ್ದರೆ ಅದು ಗಂಡೋ ಹೆಣ್ಣೋ ಯಾರು ಬಲ್ಲರು? ಅಡ್ಡಹೆಸರಿಗೆ ಬಾಲವಿಲ್ಲ. ಒಮ್ಮೆ ಅಜ್ಜ ಹೀಗೆ ‘ರಾ. ರಾ.’ ಎಂದು ಬರೆದ ಅರ್ಜಿ ಹಿಡಿದು ಹೋದ ರೈತ, ಕುರ್ಚಿಯಲ್ಲಿ ಹೆಂಗಸೊಬ್ಬರನ್ನು ಕಂಡು, ಕಾಗದ ಕೊಡದೆ ವಾಪಸು ಬಂದನಂತೆ. ಅಂದಿನಿಂದ ಅಜ್ಜ ‘ಇವರಿಗೆ’ ಎಂದು ಬರೆದು, ಹುದ್ದೆಯ ಹೆಸರು ಹಾಕಿ, ಕೆಳಗೆ ‘ಮಾನ್ಯರೇ’ ಎಂದು ಶುರು ಮಾಡತೊಡಗಿದ. ಮತ್ತೆ ಅದೇ ‘ಅರು’. ಇಂದು ಸರ್ಕಾರಿ ಅರ್ಜಿ ಬರೆಯುವವರೆಲ್ಲ ಯೋಚಿಸದೆ ಬಳಸುವ ‘ಮಾನ್ಯರೇ’ ಎಂಬ ಸಂಬೋಧನೆ ಎಷ್ಟು ಹಗುರಾಗಿ ಲಿಂಗವನ್ನು ದಾಟಿಬಿಡುತ್ತದೆ ನೋಡಿ. ಇಂಗ್ಲಿಷಿನವರು ಇದೇ ಜಾಗದಲ್ಲಿ ‘ಸರ್’ ಹಾಕಿ, ಆಮೇಲೆ ಗೀಟು ಎಳೆದು ‘ಮೇಡಂ’ ಸೇರಿಸಿಕೊಂಡರು.

ಇಷ್ಟು ಕೇಳಿದರೆ ಕನ್ನಡದಲ್ಲಿ ಸಮಸ್ಯೆಯೇ ಇಲ್ಲ, ‘ರೀ’ ಎಂದರಾಯಿತು ಎನಿಸಬಹುದು. ನನಗೂ ಬಹುಕಾಲ ಹಾಗೆಯೇ ಅನಿಸಿತ್ತು. ಆದರೆ ‘ರೀ’ ಲಿಂಗವನ್ನು ಬಿಟ್ಟುಕೊಡುವುದು ಒಂದು ಬೆಲೆಗೆ. ಅದು ಗೌರವದ ಮಾತು. ಗೌರವ ಯಾರಿಗೆ ಎಂದು ಊರು ಮೊದಲೇ ತೀರ್ಮಾನ ಮಾಡಿರುತ್ತದೆ. ಗೌಡರಿಗೆ, ಮಾಸ್ತರರಿಗೆ, ಅಯ್ಯನವರಿಗೆ ‘ರೀ’. ಕೂಲಿಗೆ ಬಂದವನಿಗೆ ‘ಲೇ’, ಕಸಮುಸುರೆಗೆ ಬಂದವಳಿಗೆ ‘ಏನೇ’. ಹೊಲಗೇರಿಯ ಮುದುಕನನ್ನು ಮೇಲುಕೇರಿಯ ಹುಡುಗ ‘ಬಾರೋ’ ಎನ್ನುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಲಿಂಗ ಕೇಳದ ಪದ ಜಾತಿಯನ್ನೂ ಅಂತಸ್ತನ್ನೂ ಕೇಳುತ್ತಿತ್ತು. ಗಂಡೋ ಹೆಣ್ಣೋ ಎಂದು ಊರು ಬೆರಳು ತೋರಿಸುತ್ತಿದ್ದವರು ಬಹಳ ಸಲ ಬಡವರು, ಬೇಡಿ ತಿನ್ನುವವರು. ಅವರ ತನಕ ‘ರೀ’ ಇಳಿದು ಬರುತ್ತಲೇ ಇರಲಿಲ್ಲ. ಅವರಿಗೆ ಉಳಿಯುತ್ತಿದ್ದದ್ದು ‘ಅದು’. ‘ಅದು ಬಂತು, ಅದು ಹೋತು’. ಕೂಸಿಗೂ ನಾವು ‘ಅದು’ ಎನ್ನುತ್ತೇವೆ, ಅದರಲ್ಲಿ ಅಕ್ಕರೆ ಇದೆ. ಮೈಮೇಲೆ ದೇವರು ಬಂದಾಗಲೂ ‘ದೇವರ ಬಂತು’ ಎನ್ನುತ್ತೇವೆ, ಅದರಲ್ಲಿ ಭಯಭಕ್ತಿ ಇದೆ. ಅದೇ ನಪುಂಸಕ ರೂಪವನ್ನು ಬೆಳೆದು ನಿಂತ ಮನುಷ್ಯರೊಬ್ಬರಿಗೆ ಹಚ್ಚಿದಾಗ ಅದರಲ್ಲಿ ಏನಿರುತ್ತದೆ ಎಂಬುದು ಹಚ್ಚಿಸಿಕೊಂಡವರಿಗೆ ಗೊತ್ತು.

ಜೋಗಪ್ಪ ಎಂಬ ಪದವನ್ನೇ ಬಿಡಿಸಿ ನೋಡೋಣ. ಎಲ್ಲಮ್ಮನಿಗೋ ಹುಲಿಗೆಮ್ಮನಿಗೋ ಮುತ್ತು ಕಟ್ಟಿಸಿಕೊಂಡ ಹೆಂಗಸು ಜೋಗತಿ, ಜೋಗಮ್ಮ. ಗಂಡಾಗಿ ಹುಟ್ಟಿ ಮುತ್ತು ಕಟ್ಟಿಸಿಕೊಂಡು ಸೀರೆ ಉಟ್ಟವರಿಗೆ ಊರು ಕೊಟ್ಟ ಹೆಸರು ಜೋಗಪ್ಪ. ಸೀರೆ, ಬಳೆ, ಕುಂಕುಮ ಎಲ್ಲವನ್ನೂ ಒಪ್ಪಿಕೊಂಡ ಊರು ಹೆಸರಿನ ಬಾಲದಲ್ಲಿ ಮಾತ್ರ ‘ಅಪ್ಪ’ನನ್ನು ಉಳಿಸಿಕೊಂಡಿದೆ. ಹುಟ್ಟಿನ ಲೆಕ್ಕ ಮರೆಯಬಾರದು ಎಂಬಂತೆ. ಹೀಗಾಗಿ ಆ ಸಮುದಾಯದ ಬಗ್ಗೆ ಮಾತಾಡುವಾಗ ‘ಜೋಗಪ್ಪ’, ಎದುರಿಗೆ ನಿಂತು ಮಾತಾಡುವಾಗ ‘ಯವ್ವಾ’ ಎಂಬ ಎರಡು ರೂಢಿಗಳು ಅಕ್ಕಪಕ್ಕ ಬೆಳೆದವು. ನಮ್ಮ ಕಟ್ಟೆಯ ಮೇಲೆ ನೆರೆಯವರ ‘ಬಂದಿದ್ನೇನು’ ಮತ್ತು ಅಮ್ಮನ ‘ಬಂದಿದ್ಲು’ ಹುಟ್ಟಿದ್ದು ಇಲ್ಲಿಂದ.

ಈ ಬಾಲದ ಬೆಲೆ ಏನೆಂದು ತಿಳಿಯಲು ಎಲ್ಲರಿಗೂ ಗೊತ್ತಿರುವ ಒಬ್ಬರ ಬದುಕು ನೋಡಬಹುದು. ಮಂಜಮ್ಮ ಜೋಗತಿ ಅವರಿಗೆ ತಂದೆತಾಯಿ ಇಟ್ಟ ಹೆಸರು ಮಂಜುನಾಥ. ಹರೆಯದಲ್ಲಿ ತಾನು ಹೆಣ್ಣೆಂದು ಅನಿಸತೊಡಗಿದಾಗ ಮನೆಯವರು ಹೊಸಪೇಟೆ ಹತ್ತಿರದ ಹುಲಿಗಿಗೆ ಕರೆದೊಯ್ದು ಮುತ್ತು ಕಟ್ಟಿಸಿದರು. ಉಡಿದಾರ ಹರಿದು, ಲಂಗ, ರವಿಕೆ, ಬಳೆ ಕೊಟ್ಟರು. ಉಡಿದಾರ ಹರಿಯುವುದು ಒಂದು ಕ್ರಿಯೆ. ಹೆಸರಿನಿಂದ ‘ನಾಥ’ ಹರಿದು ‘ಅಮ್ಮ’ ಕಟ್ಟುವುದು ಅದರ ಜೊತೆಗಿನ ಇನ್ನೊಂದು ಕ್ರಿಯೆ ಎಂದು ನನಗೆ ಅನಿಸುತ್ತದೆ. ಮಂಜು ಎಂಬುದು ಹಾಗೇ ಉಳಿಯಿತು. ಆಮೇಲಿನದು ದೀರ್ಘ ಕತೆ. ಮನೆ ಬಿಟ್ಟದ್ದು, ಬೇಡಿದ್ದು, ಕಾಳವ್ವ ಜೋಗತಿಯವರ ಹತ್ತಿರ ಜೋಗತಿ ನೃತ್ಯ, ಎಲ್ಲಮ್ಮನಾಟ ಕಲಿತದ್ದು. 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. ಅವರ ಆತ್ಮಕಥನದ ಹೆಸರು ‘ನಡುವೆ ಸುಳಿವ ಹೆಣ್ಣು’. ಗಂಡು ಹೆಣ್ಣೆಂಬ ಗುರುತುಗಳ ನಡುವೆ ಇರುವ ಆತ್ಮದ ಬಗ್ಗೆ ಜೇಡರ ದಾಸಿಮಯ್ಯ ಹೇಳಿದ ವಚನವನ್ನು ನೆನಪಿಸುವ ಹೆಸರು ಅದು. ದಾಸಿಮಯ್ಯ ‘ಆತ್ಮ’ ಎಂದಲ್ಲಿ ಇವರು ‘ಹೆಣ್ಣು’ ಎಂದಿದ್ದಾರೆ ಎಂಬುದನ್ನು ಗಮನಿಸಬೇಕು. ಎರಡೂ ಅಲ್ಲ ಎನ್ನುವುದು ದಾರ್ಶನಿಕನಿಗೆ ಸರಿ. ಇವರಿಗೆ ಬೇಕಾದದ್ದು ‘ಅಮ್ಮ’ ಎಂಬ ಬಾಲ.

2021ರ ನವೆಂಬರಿನಲ್ಲಿ ಅವರು ಪದ್ಮಶ್ರೀ ಪಡೆಯಲು ರಾಷ್ಟ್ರಪತಿ ಭವನಕ್ಕೆ ಹೋದರು. ಅಲ್ಲಿ ರಾಷ್ಟ್ರಪತಿ ರಾಮನಾಥ ಕೋವಿಂದ್ ಅವರ ಮುಂದೆ ನಿಂತು, ಸೆರಗು ಹಿಡಿದು, ನಮ್ಮ ಹೆಂಗಸರು ಮನೆಗೆ ಬಂದವರಿಗೆ ದೃಷ್ಟಿ ತೆಗೆಯುವ ಹಾಗೆ ದೃಷ್ಟಿ ತೆಗೆದರು. ದೇಶವೆಲ್ಲ ಆ ಚಿತ್ರ ನೋಡಿತು. ಹಿಂದಿಯಲ್ಲಿ ‘ಕೈಸೇ’ ‘ಕೈಸೀ’ ಎಂಬ ಗೊಡವೆ ಬೀಳದ, ಒಂದು ಮಾತೂ ಬೇಡದ ವಂದನೆ ಅದು. ಮರುದಿನದ ಕನ್ನಡ ಪತ್ರಿಕೆಗಳಲ್ಲಿ ಅವರು ‘ಮಂಜಮ್ಮ ಜೋಗತಿ ಅವರು’. ಹಿಂದೆ ಊರೂರು ತಿರುಗಿ ಬೇಡುವಾಗ ಅವರಿಗೆ ಸಿಗದಿದ್ದ ‘ಅವರು’ ಈಗ ಅಚ್ಚಿನಲ್ಲಿ ಸಿಕ್ಕಿತು. ಪದ್ಮಶ್ರೀ ಬಂದ ಮೇಲೆ ಎಲ್ಲರಿಗೂ ‘ಅವರು’ ಎನ್ನುವುದು ಸುಲಭ.

ಸರ್ಕಾರದ ಕಾಗದಗಳೂ ಈ ನಡುವೆ ಬದಲಾಗಿವೆ. 2014ರ ಏಪ್ರಿಲ್ 15ರಂದು ಸುಪ್ರೀಂ ಕೋರ್ಟು ತನ್ನ ಲಿಂಗ ಯಾವುದೆಂದು ಹೇಳುವ ಹಕ್ಕು ಆ ವ್ಯಕ್ತಿಯದೇ ಎಂದು ತೀರ್ಪು ಕೊಟ್ಟಿತು. 2021ರಲ್ಲಿ ಕರ್ನಾಟಕ ಸರ್ಕಾರಿ ನೇಮಕಾತಿಯಲ್ಲಿ ಲಿಂಗತ್ವ ಅಲ್ಪಸಂಖ್ಯಾತರಿಗೆ ಶೇಕಡಾ 1ರ ಮೀಸಲಾತಿ ತಂದಿತು. ನಮ್ಮ ಊರ ಕಡೆಯ ಜನಕ್ಕೆ ಈ ವಿಷಯ ನಿಜವಾಗಿ ತಟ್ಟಿದ್ದು ಮಾತ್ರ ಬಸ್ಸಿನಲ್ಲಿ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಶುರುವಾಯಿತು. ರಾಜ್ಯದ ಹೆಂಗಸರಿಗೂ ಲಿಂಗತ್ವ ಅಲ್ಪಸಂಖ್ಯಾತರಿಗೂ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಪ್ರಯಾಣ ಉಚಿತ, ಗುರುತಿನ ಚೀಟಿ ತೋರಿಸಿದರೆ ಶೂನ್ಯ ಟಿಕೆಟ್. ಅದಕ್ಕೂ ಮೊದಲು ಕಂಡಕ್ಟರನಿಗೆ ಬೇಕಾಗಿದ್ದದ್ದು ಎರಡೇ ವಿಷಯ, ಎಲ್ಲಿ ಹತ್ತಿದಿರಿ, ಎಲ್ಲಿ ಇಳಿಯುತ್ತೀರಿ. “ಎಲ್ಲಿಗ್ರಿ?” ಎಂದರೆ ಸಾಕಿತ್ತು. ಈಗ ಪ್ರತಿ ಸೀಟಿನ ಮುಂದೂ ಗಂಡೋ ಅಲ್ಲವೋ ಎಂಬುದು ದುಡ್ಡಿನ ಪ್ರಶ್ನೆಯಾಯಿತು.

ರಾಣೇಬೆನ್ನೂರಿನಿಂದ ಊರಿಗೆ ಹೊರಟಿದ್ದ ಒಂದು ಬಸ್ಸಿನಲ್ಲಿ ನಾನು ಕಂಡದ್ದು ಇದು. ನನ್ನ ಮುಂದಿನ ಸೀಟಿನಲ್ಲಿ ಚೂಡಿದಾರ ಹಾಕಿದ್ದ, ಗದ್ದದ ಮೇಲೆ ಹಸಿರುಗಟ್ಟಿದ ಗಡ್ಡದ ನೆರಳಿದ್ದ ಒಬ್ಬರು ಕೂತಿದ್ದರು. ಹಿಂದಿನ ಸೀಟಿನ ಹುಡುಗರು ಕಿಸಕಿಸ ನಗುತ್ತಿದ್ದರು. ಕಂಡಕ್ಟರ್ ವಯಸ್ಸಾದವನು. ಬಂದವನೇ “ಎಲ್ಲಿಗ್ರಿ?” ಎಂದ. ಅವರು ಊರು ಹೇಳಿದರು. “ಚೀಟಿ ಐತೇನ್ರಿ?” ಎಂದ. ಅವರು ಕಾರ್ಡು ತೆಗೆದು ಕೊಟ್ಟರು. ಆತ ಅದನ್ನು ಓದಿದ, ಯಂತ್ರದ ಗುಂಡಿ ಒತ್ತಿ ಶೂನ್ಯ ಟಿಕೆಟ್ ಹರಿದುಕೊಟ್ಟ, ಕಾರ್ಡು ವಾಪಸು ಕೊಡುವಾಗ ಅದರ ಮೇಲಿನ ಹೆಸರಿನ ಕೊನೆ ನೋಡಿದ್ದನೆಂದು ಕಾಣುತ್ತದೆ, “ಹಿಡಿಯವ್ವಾ” ಎಂದ. ಹುಡುಗರು ನಗು ನಿಲ್ಲಿಸಲಿಲ್ಲ. ಆದರೆ ಮುಂದಿನ ಸೀಟಿನ ಭುಜಗಳು ಸ್ವಲ್ಪ ಸಡಿಲಾದವು.

ಆ ಮುದುಕ ಮಾಡಿದ ಕೆಲಸವನ್ನು ಬಿಡಿಸಿ ಹೇಳಬೇಕೆನಿಸುತ್ತದೆ. ತಿಳಿಯದಷ್ಟು ಹೊತ್ತು ‘ರೀ’ಯಲ್ಲಿ ನಿಂತ. ಅದು ಗೌರವದ ಜಾಗ, ಅಲ್ಲಿ ತಪ್ಪಾಗುವ ಭಯವಿಲ್ಲ. ಹೆಸರು ಕೈಗೆ ಬಂದ ಕೂಡಲೇ ಅದರ ಬಾಲ ಹಿಡಿದು ‘ಅವ್ವ’ಕ್ಕೆ ದಾಟಿದ. ನಮ್ಮ ಹೆಸರುಗಳಲ್ಲಿ ಅಪ್ಪ–ಅವ್ವ, ಅಯ್ಯ–ಅಮ್ಮ ಇರುವುದು ಇಲ್ಲಿ ಉಪಕಾರಕ್ಕೆ ಬರುತ್ತದೆ. ‘ನೀವು ಗಂಡೋ ಹೆಣ್ಣೋ’ ಎಂದು ಯಾರನ್ನೂ ಕೇಳಬೇಕಿಲ್ಲ. ‘ಹೆಸರೇನ್ರಿ?’ ಎಂದು ಕೇಳಿದರೆ ತಮ್ಮನ್ನು ಏನೆಂದು ಕರೆಯಬೇಕು ಎಂಬುದನ್ನೂ ಅವರು ಅದೇ ಉಸಿರಿನಲ್ಲಿ ಹೇಳಿರುತ್ತಾರೆ. ಈ ಉಪಾಯ ಎಲ್ಲ ಕಡೆ ನಡೆಯುತ್ತದೆ ಎಂದಲ್ಲ. ಕಿರಣ, ಶಿವು, ಸುಮನ್ ಎಂಬ ಹೆಸರುಗಳು ಏನೂ ಬಿಟ್ಟುಕೊಡುವುದಿಲ್ಲ. ಕಾರ್ಡಿನ ಮೇಲೆ ಇನ್ನೂ ಹಳೆಯ ಹೆಸರೇ ಇದ್ದರೆ ಅದರ ಬಾಲ ತಪ್ಪು ದಾರಿಗೆ ಎಳೆಯುತ್ತದೆ. ಬಾಯಿಂದ ಕೇಳಿದ ಹೆಸರನ್ನು ಕಾಗದದ ಹೆಸರಿಗಿಂತ ಹೆಚ್ಚು ನಂಬಬೇಕಾದದ್ದು ಅದಕ್ಕೇ. ತಪ್ಪಾದದ್ದು ಹೇಗೆ ತಿಳಿಯುತ್ತದೆ ಎಂದರೆ, ಎದುರಿನವರ ಉತ್ತರ ಗಿಡ್ಡವಾಗುತ್ತದೆ. ಜೊತೆಗೆ ತಾವೇ ‘ರೀ’ ಹಚ್ಚಲು ಶುರು ಮಾಡುತ್ತಾರೆ.

ಇದು ನನಗೆ ಗೊತ್ತಾದದ್ದು ನನ್ನದೇ ತಪ್ಪಿನಿಂದ. ಅಮ್ಮ ತೀರಿಕೊಂಡು ಬಹಳ ವರ್ಷವಾಗಿತ್ತು. ನಾನು ಊರಿಗೆ ಹೋಗಿದ್ದಾಗ ಒಂದು ಶುಕ್ರವಾರ ಕಟ್ಟೆಯ ಮೇಲೆ ಉಧೋ ಎಂಬ ದನಿ ಕೇಳಿತು. ಹೊರಗೆ ಬಂದು ನೋಡಿದರೆ ನಾನು ಸಣ್ಣವನಿದ್ದಾಗ ಬರುತ್ತಿದ್ದವರೇ. ಕೂದಲು ಬೆಳ್ಳಗಾಗಿತ್ತು, ಬುಟ್ಟಿ ಹೊರಲು ಜೊತೆಗೊಬ್ಬ ಎಳೆಯರಿದ್ದರು. ಪಟ್ಟಣದಲ್ಲಿ ಕಲಿತ ಸಭ್ಯತೆಯೆಲ್ಲ ನನ್ನ ನಾಲಿಗೆಗೆ ಬಂದಿತ್ತು. “ಬರ್ರಿ, ಕುಂದ್ರಿರಿ. ಅರಾಮದೀರೇನ್ರಿ? ಭಾಳ ದಿನಕ್ಕ ಬಂದ್ರಿ” ಎಂದೆ. ಎಲ್ಲೂ ಗಂಡು ಇಲ್ಲ, ಹೆಣ್ಣು ಇಲ್ಲ, ತಪ್ಪು ಹಿಡಿಯಲು ಜಾಗವೇ ಇಲ್ಲ.

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. “ಅರಾಮದೀನ್ರಿ ಸಾಹೇಬ್ರ” ಎಂದರು. ಆಮೇಲೆ ನಕ್ಕು ಜೊತೆಗಿದ್ದವರ ಕಡೆ ತಿರುಗಿ, “ಇವನ ಅಮ್ಮ ನನಗ ಯವ್ವಾ ಅಂತಿದ್ಲು. ಇಂವ ನೋಡು, ತಹಶೀಲ್ದಾರಗ ಮಾತಾಡಿಸಿದಂಗ ಮಾತಾಡಸ್ತಾನ” ಎಂದರು.

ನನಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ಒಳಗೆ ಹೋಗಿ ಅಮ್ಮನ ಹಳೆಯ ಮರ ಹುಡುಕಿದೆ, ಅಟ್ಟದ ಮೇಲಿತ್ತು. ಧೂಳು ಜಾಡಿಸಿ ಜೋಳ ತುಂಬಿಕೊಂಡು ಬಂದೆ. ಪಡ್ಲಿಗಿ ತುಂಬಿಸುವಾಗ ಕೈ ತಪ್ಪಿ ಒಂದಿಷ್ಟು ಕಾಳು ಕಟ್ಟೆಯ ಮೇಲೆ ಚೆಲ್ಲಿತು. ಅವರು ಬಗ್ಗಿ ಆರಿಸತೊಡಗಿದರು.

“ಇರಲಿ ಬಿಡಬೇ ಯವ್ವಾ, ನಾ ಆರಸ್ತೀನಿ” ಎಂದೆ.

“ನೀ ಯಾಕ ಆರಸ್ತಿ, ಗುಬ್ಬಿ ತಿಂತಾವು ಬಿಡು” ಎಂದು ಎದ್ದು ನಿಂತರು. “ಊಟ ಆತ?”